ತರಬೇತಿಯ ಪರಿಣಾಮ ಯಾವ ದಾರಿಯಲ್ಲಿ ಬಂತು? ಮೀಡಿಯೇಷನ್ ಲೆಕ್ಕದ ಒಳಗೆ

ಪ್ರಶ್ನೆ: ನಮಸ್ಕಾರ ಸರ್. ನಾನು ಸಮಾಜಕಾರ್ಯದಲ್ಲಿ ಪಿಎಚ್‌ಡಿ ಮಾಡ್ತಿದ್ದೇನೆ. ಕೆಲಸ ಇಲ್ಲದ ಯುವಕರಲ್ಲಿ ಚೀಟಿ ಎತ್ತಿ ಅರ್ಧದಷ್ಟು ಜನರನ್ನು ತರಬೇತಿಗೆ ಸೇರಿಸಿದೆವು. ತರಬೇತಿಯಿಂದ ಆತ್ಮವಿಶ್ವಾಸ ಹೆಚ್ಚಿ, ಅದರಿಂದ ಖಿನ್ನತೆ ಇಳಿಯಿತು ಅಂತ, ಅಂದ್ರೆ ಮೀಡಿಯೇಷನ್ ಇದೆ ಅಂತ, ತೋರಿಸಬೇಕು. ಆದರೆ ಒಟ್ಟು ಪರಿಣಾಮದ ಪಿ ವ್ಯಾಲ್ಯೂ 0.05ಕ್ಕಿಂತ ಜಾಸ್ತಿ ಬಂದಿದೆ. "ಹಾಗಾದ್ರೆ ಮೀಡಿಯೇಷನ್ ಇಲ್ಲ, ಬಿಡಿ" ಅಂತಾರೆ ಗೈಡ್. ಸೀನಿಯರ್ ಒಬ್ಬರು ಬೂಟ್‌ಸ್ಟ್ರ್ಯಾಪ್ ಮಾಡಿದ್ರೆ ಸಾಕು ಅಂತಾರೆ. ಯಾರು ಸರಿ? ನೇರ, ಪರೋಕ್ಷ ಅಂತ ಒಡೆದಾಗ ನಿಜಕ್ಕೂ ಸಿಗೋದು ಏನು?

ಉತ್ತರ: ನಿಮ್ಮ ಗೈಡ್ ಹೇಳಿದ್ದಕ್ಕೆ ಒಂದು ಹಿನ್ನೆಲೆ ಇದೆ. ಸೀನಿಯರ್ ಹೇಳಿದ್ದರಲ್ಲೂ ಸ್ವಲ್ಪ ನಿಜ ಇದೆ. ಆದರೆ ನಿಮ್ಮ ಅಧ್ಯಯನಕ್ಕೆ ದೊಡ್ಡ ತೊಂದರೆ ಇರುವುದು ಇವರಿಬ್ಬರೂ ಮಾತಾಡದ ಜಾಗದಲ್ಲಿ. ಅಲ್ಲಿಗೆ ಹೋಗುವ ಮೊದಲು ಎಂಟೇ ಜನರ ಒಂದು ಚಿಕ್ಕ ಲೆಕ್ಕ ಮಾಡೋಣ. ಅಂಕಿಗಳು ನಾನೇ ಕೂಡಿಸಿದ್ದು, ಕೈಯಲ್ಲೇ ಲೆಕ್ಕ ಮಾಡಲು ಬರಲಿ ಅಂತ.

ಮೊದಲ ನಾಲ್ವರಿಗೆ ತರಬೇತಿ ಇಲ್ಲ, ಅಂದರೆ X = 0. ಅವರ ಆತ್ಮವಿಶ್ವಾಸದ ಅಂಕ M: 2, 2, 4, 4. ಖಿನ್ನತೆಯ ಅಂಕ Y: 16, 15, 13, 12. ಉಳಿದ ನಾಲ್ವರಿಗೆ ತರಬೇತಿ ಸಿಕ್ಕಿದೆ, X = 1. ಅವರ M: 4, 4, 6, 6. ಅವರ Y: 12, 11, 9, 8. ಇದನ್ನು ಆರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಹೀಗೆ ಬರೆಯಬಹುದು:

```r
X <- rep(c(0, 1), each = 4)
M <- c(2, 2, 4, 4,  4, 4, 6, 6)
Y <- c(16, 15, 13, 12,  12, 11, 9, 8)

coef(lm(Y ~ X))       # c
coef(lm(M ~ X))       # a
coef(lm(Y ~ X + M))   # c' ಮತ್ತು b
```

ಮೊದಲನೇ ರಿಗ್ರೆಷನ್ ಒಟ್ಟು ಪರಿಣಾಮ ಕೊಡುತ್ತದೆ. ತರಬೇತಿ ಇಲ್ಲದವರ ಖಿನ್ನತೆಯ ಸರಾಸರಿ 14, ತರಬೇತಿ ಪಡೆದವರದ್ದು 10. ಹಾಗಾಗಿ c = −4. ಎರಡನೆಯದು ತರಬೇತಿಯಿಂದ ಆತ್ಮವಿಶ್ವಾಸ ಎಷ್ಟು ಏರಿತು ಅಂತ ಹೇಳುತ್ತದೆ. ಸರಾಸರಿ 3 ಇದ್ದದ್ದು 5 ಆಗಿದೆ, a = 2. ಮೂರನೆಯದರಲ್ಲಿ X, M ಎರಡನ್ನೂ ಒಟ್ಟಿಗೆ ಹಾಕುತ್ತೇವೆ. ಅಲ್ಲಿ M ಮುಂದಿನ ಗುಣಾಂಕ b = −1.5, X ಮುಂದಿನದು c' = −1.

ಈಗ ಕೂಡಿಸಿ ನೋಡಿ. ಆತ್ಮವಿಶ್ವಾಸದ ಮೂಲಕ ಬಂದ ಪರೋಕ್ಷ ಪರಿಣಾಮ a × b = 2 × (−1.5) = −3. ಅದರ ಮೂಲಕ ಅಲ್ಲದೆ ಬಂದ ನೇರ ಪರಿಣಾಮ c' = −1. ಎರಡೂ ಸೇರಿ −4, ಅದೇ ಒಟ್ಟು ಪರಿಣಾಮ. ಇದು ಕಾಕತಾಳೀಯ ಅಲ್ಲ. ಮೂರೂ ಸಾಧಾರಣ ಲೀನಿಯರ್ ರಿಗ್ರೆಷನ್ ಆಗಿದ್ದು, ಮೂರಕ್ಕೂ ಅದೇ ಜನ, ಅದೇ ಕಂಟ್ರೋಲ್ ವೇರಿಯಬಲ್‌ಗಳು ಇದ್ದರೆ c = c' + ab ಅನ್ನುವುದು ಯಾವ ಡೇಟಾದಲ್ಲೂ ತಪ್ಪುವುದಿಲ್ಲ. M ಜಾಗದಲ್ಲಿ ಆ ಯುವಕರ ಮನೆ ನಂಬರ್ ಹಾಕಿದರೂ ಕೂಡಿಕೆ ಸರಿಯಾಗೇ ಬರುತ್ತದೆ. ಹಾಗಾಗಿ ಕೂಡಿಕೆ ಹೊಂದಿತು ಅಂದರೆ ಮೀಡಿಯೇಷನ್ ಸಾಬೀತಾಯಿತು ಅಂತ ತಿಳಿಯಬೇಡಿ.

ಆದರೆ ಈ ಕೂಡಿಕೆಯಿಂದ ಬೇರೊಂದು ಉಪಯೋಗ ಇದೆ. ಹೊಂದಲಿಲ್ಲ ಅಂದರೆ ಲೆಕ್ಕದಲ್ಲಿ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತದೆ. ಒಮ್ಮೆ ಒಬ್ಬ ವಿದ್ಯಾರ್ಥಿನಿ ಎರಡು ದಿನ ತಲೆ ಕೆಡಿಸಿಕೊಂಡು ನನ್ನ ಹತ್ತಿರ ಬಂದಿದ್ದರು, c' + ab ಯಾಕೋ c ಆಗ್ತಿಲ್ಲ ಅಂತ. ಔಟ್‌ಪುಟ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ N, ಅಂದರೆ ಲೆಕ್ಕಕ್ಕೆ ಬಂದ ಜನರ ಸಂಖ್ಯೆ, ಬೇರೆ ಬೇರೆ. ಆತ್ಮವಿಶ್ವಾಸದ ಪ್ರಶ್ನೆಗಳನ್ನು ಕೆಲವರು ಖಾಲಿ ಬಿಟ್ಟಿದ್ದರು. M ಇಲ್ಲದ ರಿಗ್ರೆಷನ್‌ನಲ್ಲಿ ಅವರು ಇದ್ದರು, M ಹಾಕಿದ ಕೂಡಲೇ ಸಾಫ್ಟ್‌ವೇರ್ ಅವರನ್ನು ಸದ್ದಿಲ್ಲದೆ ಕೈಬಿಟ್ಟಿತ್ತು. ನೀವೂ ಮೊದಲು N ನೋಡಿ. ಇನ್ನೊಂದು ಮಾತು: Y ಹೌದು/ಇಲ್ಲ ಅಂತ ಇದ್ದು ಲಾಜಿಸ್ಟಿಕ್ ರಿಗ್ರೆಷನ್ ಬಳಸಿದರೆ ಈ ಸಮೀಕರಣ ಹಾಗೇ ನಿಲ್ಲುವುದಿಲ್ಲ. ಅಲ್ಲಿ ಹೊಸ ವೇರಿಯಬಲ್ ಸೇರಿಸಿದ ಮಾತ್ರಕ್ಕೇ ಉಳಿದ ಗುಣಾಂಕಗಳ ಅಳತೆ ಬದಲಾಗುತ್ತದೆ. ನಿಮ್ಮ ಖಿನ್ನತೆಯ ಅಂಕ ನಿರಂತರ ಅಳತೆ ಆದ್ದರಿಂದ ಆ ತೊಂದರೆ ನಿಮಗಿಲ್ಲ.

ಈಗ ನಿಮ್ಮ ಗೈಡ್ ಮಾತಿಗೆ ಬರೋಣ. ಬ್ಯಾರನ್ ಮತ್ತು ಕೆನಿ 1986ರಲ್ಲಿ ಬರೆದ ಲೇಖನದ ಹಂತಗಳನ್ನೇ ಎಷ್ಟೋ ವರ್ಷ ಎಲ್ಲರೂ ಪಾಲಿಸಿದರು. ಅದರಲ್ಲಿ ಮೊದಲ ಹಂತವೇ X ಇಂದ Yಗೆ ಒಟ್ಟು ಪರಿಣಾಮ ಇರಬೇಕು ಅನ್ನುವುದು. ಇಲ್ಲದಿದ್ದರೆ ಮುಂದೆ ಹೋಗುವಂತಿಲ್ಲ. ಗೈಡ್ ಹೇಳಿದ್ದು ಇದನ್ನೇ. ಈಗ ಈ ಹಂತ ಕಡ್ಡಾಯ ಅಂತ ಈ ವಿಧಾನ ಬಲ್ಲ ಹೆಚ್ಚಿನವರು ಪಟ್ಟು ಹಿಡಿಯುವುದಿಲ್ಲ. ಯಾಕೆ ಅಂತ ನಮ್ಮ ಎಂಟು ಜನರಲ್ಲೇ ನೋಡಬಹುದು.

ತರಬೇತಿ ಪಡೆದ ನಾಲ್ವರ ಖಿನ್ನತೆಯ ಅಂಕಕ್ಕೆ ತಲಾ 4 ಸೇರಿಸಿ. ಅವರ Y ಈಗ 16, 15, 13, 12. ಎರಡೂ ಗುಂಪಿನ Y ಒಂದೇ ಆಯಿತು, ಒಟ್ಟು ಪರಿಣಾಮ ಸೊನ್ನೆ. ಆದರೆ a ಇನ್ನೂ 2, b ಇನ್ನೂ −1.5, ಪರೋಕ್ಷ ಪರಿಣಾಮ ಇನ್ನೂ −3. ಬದಲಾದದ್ದು ನೇರ ಪರಿಣಾಮ ಮಾತ್ರ. ಅದೀಗ +3. ಒಂದು ದಾರಿಯಲ್ಲಿ ಬಂದ ಲಾಭವನ್ನು ಇನ್ನೊಂದು ದಾರಿ ಪೂರ್ತಿ ನುಂಗಿದೆ. ಇಂಥದ್ದು ನಿಜ ಜೀವನದಲ್ಲೂ ಆಗಬಹುದು. ತರಬೇತಿಯಿಂದ ಧೈರ್ಯ ಬಂದು ಒಬ್ಬ ಹುಡುಗ ಹತ್ತು ಕಡೆ ಅರ್ಜಿ ಹಾಕುತ್ತಾನೆ ಅನ್ನಿ. ಹತ್ತೂ ಕಡೆ "ಇಲ್ಲ" ಅನ್ನಿಸಿಕೊಂಡು ಬರುತ್ತಾನೆ. ಧೈರ್ಯ ಅವನ ಮನಸ್ಸನ್ನು ಎತ್ತುತ್ತದೆ, ಆ "ಇಲ್ಲ"ಗಳು ಕೆಳಗೆ ತಳ್ಳುತ್ತವೆ.

ಒಟ್ಟು ಪರಿಣಾಮದ ಪಿ ವ್ಯಾಲ್ಯೂ ದೊಡ್ಡದು ಅನ್ನುವ ಒಂದೇ ಕಾರಣಕ್ಕೆ ನೀವು ನಿಲ್ಲಬೇಕಿಲ್ಲ. ಆದರೆ "ಒಟ್ಟಾರೆ ಖಿನ್ನತೆ ಇಳಿಯಿತು" ಅಂತ ಬರೆಯುವ ಹಕ್ಕು ನಿಮಗೆ ಸಿಗುವುದಿಲ್ಲ. ಅದು ಬೇರೆ ಪ್ರಶ್ನೆ, ಅದರ ಉತ್ತರ ನಿಮ್ಮ ಡೇಟಾದಲ್ಲಿ ಇನ್ನೂ ಸ್ಪಷ್ಟ ಆಗಿಲ್ಲ.

ಸೀನಿಯರ್ ಹೇಳಿದ ಬೂಟ್‌ಸ್ಟ್ರ್ಯಾಪ್ ಯಾಕೆ ಬೇಕು ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ab ಅನ್ನುವುದು ಎರಡು ಅಂದಾಜುಗಳ ಗುಣಲಬ್ಧ. a, b ಎರಡೂ ಗಂಟೆಯಾಕಾರದ ಹಂಚಿಕೆಯಲ್ಲಿದ್ದರೂ ಅವನ್ನು ಗುಣಿಸಿದಾಗ ಬರುವ ಹಂಚಿಕೆ ಸಾಮಾನ್ಯವಾಗಿ ಒಂದು ಪಕ್ಕಕ್ಕೆ ವಾಲುತ್ತದೆ. ab ಸೊನ್ನೆಯೋ ಅಲ್ಲವೋ ಅಂತ ನೋಡುವ ಹಳೆಯ ಸೋಬೆಲ್ ಪರೀಕ್ಷೆ ಆ ಹಂಚಿಕೆ ಎರಡೂ ಪಕ್ಕ ಸಮ ಅಂತಲೇ ಭಾವಿಸುತ್ತದೆ. ಸಣ್ಣ ಸ್ಯಾಂಪಲ್‌ನಲ್ಲಿ ಇದರಿಂದ ನಿಜವಾದ ಪರಿಣಾಮವೂ ಕೈ ತಪ್ಪುತ್ತದೆ. ಬೂಟ್‌ಸ್ಟ್ರ್ಯಾಪ್‌ನಲ್ಲಿ ನಿಮ್ಮ ಜನರನ್ನೇ ಮತ್ತೆ ಮತ್ತೆ ಆರಿಸಿ, ಪ್ರತಿ ಸಲ ab ಲೆಕ್ಕ ಹಾಕಿ, ಅಂಥ 5000 ಉತ್ತರಗಳ ನಡುವಿನ 95 ಶೇಕಡಾ ಭಾಗ ತೆಗೆದುಕೊಳ್ಳುತ್ತೇವೆ. ವಾಲಿಕೆ ಅದರಲ್ಲೇ ಸೇರಿಹೋಗುತ್ತದೆ. ಒಳ್ಳೆಯ ವಿಧಾನ, ಬಳಸಿ. ಆದರೆ ಅದು ಹೇಳುವುದು ab ಅನ್ನುವ ಅಂಕಿ ಎಷ್ಟು ಅಲುಗಾಡಬಹುದು ಅಂತ ಮಾತ್ರ. ಆ ಅಂಕಿಯೇ ತಪ್ಪು ಜಾಗದಲ್ಲಿ ಕೂತಿದ್ದರೆ ಬೂಟ್‌ಸ್ಟ್ರ್ಯಾಪ್‌ಗೆ ಅದು ಕಾಣುವುದೇ ಇಲ್ಲ. 5000 ಸಲ ಮಾಡಿದರೂ ಅಷ್ಟೇ, 50,000 ಸಲ ಮಾಡಿದರೂ ಅಷ್ಟೇ.

ತಪ್ಪು ಜಾಗ ಅಂದೆ. ಅದನ್ನು ನೋಡಲು ಮತ್ತೆ ಮೊದಲಿನ ಎಂಟು ಜನರ ಹತ್ತಿರ ಹೋಗಬೇಕು. ನೇರ ಪರಿಣಾಮ −1 ಅಂತ ಬಂತಲ್ಲ, ಅದು ಎಲ್ಲಿಂದ ಬಂತು? ಎರಡೂ ಗುಂಪಿನಲ್ಲಿ M = 4 ಇರುವವರು ಇದ್ದಾರೆ. ತರಬೇತಿ ಇಲ್ಲದ ಗುಂಪಿನಲ್ಲಿ ಅಂಥವರ Y 13 ಮತ್ತು 12, ಸರಾಸರಿ 12.5. ತರಬೇತಿ ಗುಂಪಿನಲ್ಲಿ 12 ಮತ್ತು 11, ಸರಾಸರಿ 11.5. ವ್ಯತ್ಯಾಸ −1. "ಆತ್ಮವಿಶ್ವಾಸವನ್ನು ಒಂದೇ ಮಟ್ಟದಲ್ಲಿ ಹಿಡಿದಿಟ್ಟರೆ" ಅಂತ ನಾವು ಬರೆಯುವ ಸಾಲಿನ ಅರ್ಥ ಇದೇ. ಒಂದೇ M ಇರುವ ಈ ಕಡೆಯವರನ್ನೂ ಆ ಕಡೆಯವರನ್ನೂ ಹೋಲಿಸುವುದು.

ಈಗ ಆ ನಾಲ್ಕು ಜನ ಯಾರು ಅಂತ ಸ್ವಲ್ಪ ಹತ್ತಿರದಿಂದ ನೋಡಿ. ತರಬೇತಿ ಇಲ್ಲದ ಗುಂಪಿನಲ್ಲಿ M = 4 ಇರುವವರು ಆ ಗುಂಪಿನ ಧೈರ್ಯವಂತರು. ಯಾರೂ ಏನೂ ಹೇಳಿಕೊಡದೆಯೇ 4ರಲ್ಲಿ ಇದ್ದಾರೆ. ತರಬೇತಿ ಗುಂಪಿನಲ್ಲಿ M = 4 ಇರುವವರು ಅಲ್ಲಿನ ಅಳುಕಿನವರು. ತರಬೇತಿ ಸಿಕ್ಕಿದ ಮೇಲೂ 4ಕ್ಕೇ ನಿಂತಿದ್ದಾರೆ. ಅಂಕ ಒಂದೇ ಇದ್ದರೂ ಇವರು ಒಂದೇ ಥರದ ಜನ ಅಲ್ಲ, ಅಲ್ವಾ? ಮೊದಲಿನವರ ಮನೆಯಲ್ಲಿ ಒಳ್ಳೆ ಬೆಂಬಲ ಇರಬಹುದು, ಮೊದಲೇ ಒಂದೆರಡು ಕಡೆ ಕೆಲಸ ಮಾಡಿದ ಅನುಭವ ಇರಬಹುದು. ಅದೇ ಬೆಂಬಲ ಅವರ ಖಿನ್ನತೆಯನ್ನೂ ನೇರವಾಗಿ ಇಳಿಸುತ್ತಿರಬಹುದು.

ನೀವು ಚೀಟಿ ಎತ್ತಿದ್ದು ತರಬೇತಿಗೆ. ಅದರಿಂದ ಎರಡು ಗುಂಪು ಸಮ ಆದವು. ಹಾಗಾಗಿ c ಮತ್ತು a ಎರಡನ್ನೂ ನೀವು ಧೈರ್ಯವಾಗಿ ಕಾರಣ–ಪರಿಣಾಮದ ಭಾಷೆಯಲ್ಲಿ ಹೇಳಬಹುದು. ಆದರೆ ಆತ್ಮವಿಶ್ವಾಸವನ್ನು ಯಾರಿಗೂ ಚೀಟಿ ಎತ್ತಿ ಹಂಚಿಲ್ಲ. ಅದು ಅವರವರಿಗೆ ಅವರವರ ಬದುಕಿನಿಂದ ಬಂದದ್ದು. ಹಾಗಾಗಿ b ಅನ್ನುವುದು ಪ್ರಯೋಗದ ಒಳಗೇ ಕೂತಿರುವ ಒಂದು ಮಾಮೂಲಿ ಸರ್ವೆ ಅಂಕಿ. ab ಅದರ ಮೇಲೆ ನಿಂತಿದೆ. c' ಕೂಡ ಅದರ ಮೇಲೇ ನಿಂತಿದೆ, ಯಾಕಂದರೆ c' = c − ab. ಒಂದು ಕಡೆ ತಪ್ಪಿದರೆ ಅಷ್ಟೇ ತಪ್ಪು ಇನ್ನೊಂದು ಕಡೆಗೂ ಹೋಗುತ್ತದೆ, ಚಿಹ್ನೆ ಮಾತ್ರ ತಿರುಗಿರುತ್ತದೆ.

ಒಟ್ಟು ಪರಿಣಾಮ ಸಿಗದೆ ಇದ್ದಾಗಲೂ ab ಎಷ್ಟೋ ಸಲ "ಸಿಗ್ನಿಫಿಕೆಂಟ್" ಆಗಿ ಬರುತ್ತದಲ್ಲ, ಅದರ ಹಿಂದೆಯೂ ಇದೇ ಇದೆ. bಯನ್ನು ಅಂದಾಜು ಮಾಡಲು ಜನರ ನಡುವೆ ಸಹಜವಾಗಿರುವ ವ್ಯತ್ಯಾಸವನ್ನೆಲ್ಲ ಬಳಸಿಕೊಳ್ಳುತ್ತೇವೆ. ಹಾಗಾಗಿ ಅದು ಬಿಗಿಯಾಗಿ ಬರುತ್ತದೆ. ಆ ಬಿಗಿ ಪುಕ್ಕಟೆ ಸಿಕ್ಕಿದ್ದಲ್ಲ. ಚೀಟಿ ಎತ್ತದ ವೇರಿಯಬಲ್ ಅನ್ನು ಎತ್ತಿದ್ದೇವೆ ಅಂತ ನಂಬಿದ್ದರಿಂದ ಸಿಕ್ಕಿದ್ದು.

ತಪ್ಪು ಎಷ್ಟು ದೊಡ್ಡದಾಗಬಹುದು ಅಂತ ನೋಡಲು ನಾವೇ ಒಂದು ಲೋಕ ಕಟ್ಟೋಣ. ಅದರಲ್ಲಿ M ಇಂದ Yಗೆ ಏನೇನೂ ಪರಿಣಾಮ ಇಲ್ಲ. U ಅನ್ನುವ ಒಂದು ವಿಷಯ, ಮನೆಯ ಬೆಂಬಲ ಅನ್ನಿ, M ಮತ್ತು Y ಎರಡನ್ನೂ ತಳ್ಳುತ್ತದೆ. ಲೆಕ್ಕ ಸುಲಭ ಆಗಲಿ ಅಂತ ಇಲ್ಲಿ Y ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಇಟ್ಟುಕೊಳ್ಳೋಣ.

```r
set.seed(1)
n <- 100000
U <- rnorm(n)
X <- rbinom(n, 1, 0.5)
M <- X + U + rnorm(n)
Y <- X + U + rnorm(n)   # ಇಲ್ಲಿ M ಇಲ್ಲವೇ ಇಲ್ಲ

coef(lm(M ~ X))
coef(lm(Y ~ X + M))
coef(lm(Y ~ X + M + U))
```

ಇದನ್ನು ಓಡಿಸಿದರೆ a ಸುಮಾರು 1 ಬರುತ್ತದೆ, ಅದು ಸರಿ. ಮುಂದಿನ ಸಾಲಿನಲ್ಲಿ b ಸುಮಾರು 0.5, c' ಸುಮಾರು 0.5. ಅಂದರೆ "ಪರಿಣಾಮದ ಅರ್ಧ ಆತ್ಮವಿಶ್ವಾಸದ ಮೂಲಕ ಬಂತು" ಅಂತ ನೀವು ಬರೆಯುತ್ತೀರಿ. ಒಂದು ಲಕ್ಷ ಜನರ ಡೇಟಾ. ಬೂಟ್‌ಸ್ಟ್ರ್ಯಾಪ್ ಇಂಟರ್ವಲ್ ಕೂದಲೆಳೆಯಷ್ಟು ಸಣ್ಣದು, ಸೊನ್ನೆಯಿಂದ ಬಹಳ ದೂರ. ಆದರೂ ಪೂರ್ತಿ ತಪ್ಪು. ಕಡೆಯ ಸಾಲಿನಲ್ಲಿ U ಸೇರಿಸಿದ ಕೂಡಲೇ b ಸೊನ್ನೆಗೆ ಇಳಿಯುತ್ತದೆ, c' 1 ಆಗುತ್ತದೆ. ನಿಮ್ಮ ಡೇಟಾದಲ್ಲಿ U ಅನ್ನುವ ಕಾಲಂ ಇರುವುದಿಲ್ಲ. ಸಂಕಟ ಅದೇ.

ಇದು ಕಂಪ್ಯೂಟರ್ ಆಟ ಅಂತ ಅನ್ನಿಸಬಾರದು. ಜನನ ತೂಕದ ವಿಷಯದಲ್ಲಿ ಇದೇ ಥರದ ಗೊಂದಲ ವರ್ಷಾನುಗಟ್ಟಲೆ ಕಾಡಿತು. ಯೆರುಶಾಲ್ಮಿ ಅನ್ನುವ ಸಂಶೋಧಕರು ಕ್ಯಾಲಿಫೋರ್ನಿಯಾದ ತಾಯಂದಿರ ಡೇಟಾ ಇಟ್ಟುಕೊಂಡು 1971ರಲ್ಲಿ ಒಂದು ವಿಚಿತ್ರ ತೋರಿಸಿದರು. ಕಡಿಮೆ ತೂಕದ ಕೂಸುಗಳನ್ನು ಮಾತ್ರ ಹೋಲಿಸಿದರೆ, ಸಿಗರೇಟು ಸೇದುವ ತಾಯಂದಿರ ಕೂಸುಗಳೇ ಕಡಿಮೆ ಸಾಯುತ್ತಿದ್ದವು. ಸಿಗರೇಟು ಕಾಪಾಡಿತೇ? ಇಲ್ಲ. ತಾಯಿ ಸಿಗರೇಟು ಸೇದದೆ ಇದ್ದೂ ಕೂಸಿನ ತೂಕ ಕಡಿಮೆ ಆಗಿದೆ ಅಂದರೆ ಬೇರೆ ಏನೋ ಗಂಭೀರ ಕಾರಣ ಇರಬೇಕು. ಹುಟ್ಟಿನಿಂದಲೇ ಬಂದ ದೋಷ ಇರಬಹುದು. ಆ ಕಾರಣವೇ ಕೂಸನ್ನು ಕೊಲ್ಲುತ್ತದೆ. ತೂಕ ಇಲ್ಲಿ ಮಧ್ಯವರ್ತಿ. ಅದನ್ನು ಒಂದೇ ಮಟ್ಟದಲ್ಲಿ ಹಿಡಿದಿಟ್ಟ ಕೂಡಲೇ ಬೇರೆ ಬೇರೆ ಥರದ ಕೂಸುಗಳು ಪಕ್ಕಪಕ್ಕ ಬಂದವು. ನಮ್ಮ ಲೆಕ್ಕದಲ್ಲಿ M = 4 ಇರುವ ನಾಲ್ವರು ಪಕ್ಕಪಕ್ಕ ಬಂದ ಹಾಗೇ. ನೇರ ಪರಿಣಾಮ ಸಣ್ಣದಾಗುವುದಷ್ಟೇ ಅಲ್ಲ, ಅದರ ಚಿಹ್ನೆಯೇ ತಲೆಕೆಳಗಾಗಬಹುದು ಅನ್ನುವುದಕ್ಕೆ ನಾನು ಪಾಠ ಮಾಡುವಾಗ ಯಾವಾಗಲೂ ಇದನ್ನೇ ಹೇಳುತ್ತೇನೆ.

ಹಾಗಾದರೆ ನೀವು ಏನು ಮಾಡಬೇಕು? ನಿಮ್ಮ ಅಧ್ಯಯನಕ್ಕೆ ಬಹಳ ಹತ್ತಿರದ ಒಂದು ನಿಜ ಪ್ರಯೋಗ ಇದೆ, ಅದರ ಮೇಲೆ ಕೈ ಪಳಗಿಸಿಕೊಳ್ಳಿ. ಅಮೆರಿಕದ ಮಿಷಿಗನ್‌ನಲ್ಲಿ ನಡೆದ ಜಾಬ್ಸ್-2 ಅಧ್ಯಯನ ಅದು. ಕೆಲಸ ಕಳೆದುಕೊಂಡವರಲ್ಲಿ ಕೆಲವರನ್ನು ರ್ಯಾಂಡಮ್ ಆಗಿ ಆರಿಸಿ, ಕೆಲಸ ಹುಡುಕುವ ಕೌಶಲದ ತರಬೇತಿಗೆ ಕರೆದರು. ಉಳಿದವರಿಗೆ ಅದೇ ವಿಷಯದ ಒಂದು ಕಿರುಪುಸ್ತಿಕೆ ಕೊಟ್ಟರು. ತರಬೇತಿಯಿಂದ "ನಾನು ಕೆಲಸ ಹುಡುಕಬಲ್ಲೆ" ಅನ್ನುವ ನಂಬಿಕೆ ಹೆಚ್ಚಿ, ಅದರ ಮೂಲಕ ಖಿನ್ನತೆ ಇಳಿಯುತ್ತದೆಯೇ ಅನ್ನುವುದು ಅವರ ಒಂದು ಪ್ರಶ್ನೆ. ನಿಮ್ಮದೂ ಅದೇ. ಇದರ 899 ಜನರ ಡೇಟಾ ಆರ್‌ನ `mediation` ಪ್ಯಾಕೇಜಿನ ಜೊತೆಗೇ ಬರುತ್ತದೆ.

```r
library(mediation)
data(jobs)

m <- lm(job_seek ~ treat + depress1 + econ_hard + sex + age,
        data = jobs)
y <- lm(depress2 ~ treat + job_seek + depress1 + econ_hard + sex + age,
        data = jobs)

out <- mediate(m, y, treat = "treat", mediator = "job_seek",
               boot = TRUE, sims = 5000)
summary(out)
```

ಔಟ್‌ಪುಟ್‌ನಲ್ಲಿ `ACME` ಅನ್ನುವುದು ಪರೋಕ್ಷ ಪರಿಣಾಮ, `ADE` ಅನ್ನುವುದು ನೇರ ಪರಿಣಾಮ, `Total Effect` ಒಟ್ಟು. ಎರಡೂ ಮಾಡೆಲ್‌ನಲ್ಲಿ ಕಂಟ್ರೋಲ್ ವೇರಿಯಬಲ್‌ಗಳು ಒಂದೇ ಇವೆ, ಗಮನಿಸಿ. ಅದರಲ್ಲಿ `depress1` ಅಂದರೆ ತರಬೇತಿಗೆ ಮುಂಚೆಯೇ ಇದ್ದ ಖಿನ್ನತೆ. `econ_hard` ಅಂದರೆ ಹಣಕಾಸಿನ ಕಷ್ಟ. ಇವು M, Y ಎರಡನ್ನೂ ತಟ್ಟುವಂಥವು. ಚೀಟಿ ಎತ್ತಿದ್ದೇವೆ, ಕಂಟ್ರೋಲ್ ಯಾಕೆ ಅಂತ ಕೆಲವರು ಕೇಳುತ್ತಾರೆ. cಗೆ ಬೇಕಿಲ್ಲ, ಆದರೆ bಗೆ ಬೇಕೇ ಬೇಕು.

ನಿಮ್ಮ ಡೇಟಾದಲ್ಲಿ ಯಾವುದನ್ನು ಹಾಕಬೇಕು ಅಂದರೆ, ಮೊದಲು ತರಬೇತಿಗೆ ಮುಂಚಿನ ಖಿನ್ನತೆ ಮತ್ತು ತರಬೇತಿಗೆ ಮುಂಚಿನ ಆತ್ಮವಿಶ್ವಾಸ. ಇವೆರಡನ್ನೂ ಅಳೆದಿದ್ದರೆ ನಿಮ್ಮ ಕೈಯಲ್ಲಿ ಇರುವುದರಲ್ಲೇ ಇವೇ ದೊಡ್ಡ ಆಸ್ತಿ. M = 4ರ ಧೈರ್ಯವಂತರನ್ನೂ ಅಳುಕಿನವರನ್ನೂ ಬೇರೆ ಮಾಡುವುದು ಮುಂಚಿನ ಆತ್ಮವಿಶ್ವಾಸವೇ. ಆಮೇಲೆ ಓದು, ಎಷ್ಟು ತಿಂಗಳಿಂದ ಕೆಲಸ ಇಲ್ಲ, ಮನೆಯ ಆದಾಯ, ಮನೆಯವರ ಬೆಂಬಲ. ಎಲ್ಲವೂ ತರಬೇತಿಗೆ ಮುಂಚಿನ ಅಳತೆಗಳೇ ಆಗಿರಬೇಕು. ತರಬೇತಿ ಆದ ಮೇಲೆ ಅಳೆದದ್ದನ್ನು, ಉದಾಹರಣೆಗೆ "ಎಷ್ಟು ಕಡೆ ಅರ್ಜಿ ಹಾಕಿದಿರಿ" ಅನ್ನುವುದನ್ನು, ಕಂಟ್ರೋಲ್ ಅಂತ ಸುಮ್ನೆ ಸೇರಿಸಬೇಡಿ. ಅದು ತರಬೇತಿಯ ಫಲವೇ ಆಗಿರಬಹುದು. ಸೇರಿಸಿದರೆ ಒಟ್ಟು ಪರಿಣಾಮದ ಒಂದು ಭಾಗವನ್ನೇ ಕತ್ತರಿಸಿ ಬಿಸಾಡಿದ ಹಾಗೆ.

ಸಮಯದ ಕ್ರಮವನ್ನೂ ನೋಡಿ. ಆತ್ಮವಿಶ್ವಾಸ ಮತ್ತು ಖಿನ್ನತೆ ಎರಡನ್ನೂ ಒಂದೇ ದಿನ, ಒಂದೇ ಪ್ರಶ್ನಾವಳಿಯಲ್ಲಿ ಕೇಳಿದ್ದರೆ, ಖಿನ್ನತೆ ಇಳಿದದ್ದರಿಂದಲೇ ಆತ್ಮವಿಶ್ವಾಸ ಏರಿತು ಅಂತ ಯಾರಾದರೂ ವೈವಾದಲ್ಲಿ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. X ತನ್ನ ಜಾಗದಲ್ಲೇ ಇದ್ದು M, Y ಮಾತ್ರ ಅದಲುಬದಲು ಆದ ಮಾಡೆಲ್ ಕೂಡ ಅಷ್ಟೇ ಚೆನ್ನಾಗಿ ಕೂಡಿಕೆ ಹೊಂದಿಸಿಕೊಡುತ್ತದೆ. ರಿಗ್ರೆಷನ್‌ಗೆ ಬಾಣದ ದಿಕ್ಕು ಗೊತ್ತಿಲ್ಲ.

ಎಷ್ಟೇ ಕಂಟ್ರೋಲ್ ಹಾಕಿದರೂ ಅಳೆಯದ U ಉಳಿದೇ ಇರುತ್ತದೆ ಅನ್ನುವ ಅನುಮಾನ ಹೋಗುವುದಿಲ್ಲ. ಹೋಗಲೂ ಬಾರದು. ಅದಕ್ಕೆ ಮಾಡುವ ಕೆಲಸ ಸೆನ್ಸಿಟಿವಿಟಿ ಪರೀಕ್ಷೆ. ಇಮಾಯ್, ಕೀಲ್ ಮತ್ತು ಜೊತೆಗಾರರು ಕೊಟ್ಟ ದಾರಿ ಇದು. ಇದೇ ಪ್ಯಾಕೇಜಿನಲ್ಲಿದೆ:

```r
sens <- medsens(out, rho.by = 0.05)
summary(sens)
plot(sens)
```

ಇದರ ಯೋಚನೆ ಸರಳ. Mನ ಮಾಡೆಲ್‌ನಲ್ಲಿ ವಿವರಿಸಲಾಗದೆ ಉಳಿದ ಭಾಗ ಒಂದಿದೆ, Yನ ಮಾಡೆಲ್‌ನಲ್ಲೂ ಒಂದಿದೆ. ಅಳೆಯದ U ಇದ್ದರೆ ಅದು ಎರಡರಲ್ಲೂ ಕೂತಿರುತ್ತದೆ, ಹಾಗಾಗಿ ಆ ಎರಡು ಉಳಿಕೆಗಳ ನಡುವೆ ಸಂಬಂಧ ಇರುತ್ತದೆ. ಆ ಸಂಬಂಧವನ್ನು ρ ಅಂತ ಕರೆಯುತ್ತೇವೆ. ಮಾಮೂಲಿ ಮೀಡಿಯೇಷನ್ ಲೆಕ್ಕ ρ = 0 ಅಂತ ಭಾವಿಸಿಯೇ ನಡೆಯುತ್ತದೆ. ಇಲ್ಲಿ ನಾವು "ρ 0.1 ಆಗಿದ್ದರೆ? 0.2 ಆಗಿದ್ದರೆ?" ಅಂತ ಒಂದೊಂದೇ ಬೆಲೆ ಇಟ್ಟು ಪರೋಕ್ಷ ಪರಿಣಾಮವನ್ನು ಮತ್ತೆ ಲೆಕ್ಕ ಹಾಕುತ್ತೇವೆ. ಯಾವ ρ ಹತ್ತಿರ ಅದು ಸೊನ್ನೆ ಆಗುತ್ತದೋ ಅದನ್ನು ಗುರುತು ಹಾಕಿಕೊಳ್ಳುತ್ತೇವೆ.

ನಾವು ಕಟ್ಟಿದ ಲೋಕದಲ್ಲಿ ಇದನ್ನು ಮಾಡಿದರೆ ಪರೋಕ್ಷ ಪರಿಣಾಮ ρ = 0.5 ಹತ್ತಿರ ಸೊನ್ನೆ ಆಗುತ್ತದೆ. ಆ ಲೋಕದ ನಿಜವಾದ ρ ಕೂಡ 0.5. Mನ ಉಳಿಕೆ U ಮತ್ತು ಒಂದು ಗದ್ದಲ, Yನ ಉಳಿಕೆ ಅದೇ U ಮತ್ತು ಇನ್ನೊಂದು ಗದ್ದಲ, ಪಾಲು ಅರ್ಧರ್ಧ. ಅಲ್ಲಿ ನಮಗೆ U ಗೊತ್ತಿತ್ತು, ಹಾಗಾಗಿ ಉತ್ತರವೂ ಗೊತ್ತಾಯಿತು. ನಿಮ್ಮ ಡೇಟಾದಲ್ಲಿ ನಿಜವಾದ ρ ಎಷ್ಟು ಅಂತ ಡೇಟಾ ಹೇಳುವುದಿಲ್ಲ. ಎಷ್ಟು ಇದ್ದರೆ ನಿಮ್ಮ ಮಾತು ಬಿದ್ದುಹೋಗುತ್ತದೆ ಅಂತ ಮಾತ್ರ ಹೇಳುತ್ತದೆ. ಚಿಹ್ನೆಯನ್ನೂ ನೋಡಿಕೊಳ್ಳಿ. ನಿಮ್ಮಲ್ಲಿ M ಏರಿದರೆ Y ಇಳಿಯಬೇಕು, ಆದ್ದರಿಂದ ನಿಮಗೆ ಅಪಾಯದ ρ ಋಣದ ಕಡೆ ಇರುತ್ತದೆ. ಮನೆಯ ಬೆಂಬಲ ಆತ್ಮವಿಶ್ವಾಸವನ್ನು ಏರಿಸಿ ಖಿನ್ನತೆಯನ್ನು ಇಳಿಸುತ್ತದಲ್ಲ, ಅದೇ ದಿಕ್ಕು.

ಸೊನ್ನೆ ಮಾಡುವ ρ −0.1 ಅಂತ ಬಂದರೆ ಯೋಚನೆ ಮಾಡಬೇಕು. ಮನೆಯ ಬೆಂಬಲದಂಥ ಒಂದು ಸಾಧಾರಣ ವಿಷಯ ಬಿಟ್ಟುಹೋಗಿದ್ದರೂ ಅಷ್ಟು ಸಂಬಂಧ ಬಂದೀತು. −0.6 ಬಂದರೆ, ಇರುವ ಕಂಟ್ರೋಲ್‌ಗಳನ್ನೆಲ್ಲ ಹಾಕಿದ ಮೇಲೂ ಅಷ್ಟು ಬಲವಾದ U ಎಲ್ಲಿ ಅಡಗಿದೆ ಅಂತ ಎದುರಿನವರೇ ಹೇಳಬೇಕಾಗುತ್ತದೆ. ನನ್ನ ಮಟ್ಟಿಗೆ ಇದಕ್ಕೆ 0.05ರ ಹಾಗೆ ಒಂದು ಗೆರೆ ಇಲ್ಲ, ಎಳೆಯಲೂ ಬಾರದು. ಒಂದು ಅಂದಾಜು ಬೇಕಾದರೆ ಹೀಗೆ ಮಾಡಿ. ನೀವು ಅಳೆದಿರುವ ಒಂದು ಮುಖ್ಯ ಕಂಟ್ರೋಲ್ ಅನ್ನು, ಮುಂಚಿನ ಖಿನ್ನತೆಯನ್ನೇ, ಬೇಕಂತಲೇ ಎರಡೂ ಮಾಡೆಲ್‌ನಿಂದ ತೆಗೆದು b ಎಷ್ಟು ಜಿಗಿಯುತ್ತದೆ ನೋಡಿ. ಗೊತ್ತಿರುವ ಒಂದು ವಿಷಯ ಬಿಟ್ಟರೆ ಅಷ್ಟು ಕದಲುತ್ತದೆ ಅಂದರೆ, ಗೊತ್ತಿಲ್ಲದ್ದು ಎಷ್ಟು ಕದಲಿಸೀತು ಅನ್ನುವ ಅಳತೆ ಕೈಗೆ ಸಿಗುತ್ತದೆ.

ಇನ್ನೆರಡು ಸಣ್ಣ ವಿಷಯ. Yನ ಮಾಡೆಲ್‌ನಲ್ಲಿ `treat * job_seek` ಅಂತ ಗುಣಲಬ್ಧವನ್ನೂ ಒಮ್ಮೆ ಹಾಕಿ ನೋಡಿ. ತರಬೇತಿ ಪಡೆದವರಲ್ಲಿ ಆತ್ಮವಿಶ್ವಾಸದ ಪರಿಣಾಮ ಒಂದು ಥರ, ಪಡೆಯದವರಲ್ಲಿ ಇನ್ನೊಂದು ಥರ ಇದ್ದರೆ ಪರೋಕ್ಷ ಪರಿಣಾಮ ಒಂದೇ ಅಂಕಿ ಆಗಿ ಉಳಿಯುವುದಿಲ್ಲ. ಆಗ ಔಟ್‌ಪುಟ್ ಎರಡೂ ಗುಂಪಿಗೆ ಬೇರೆ ಬೇರೆ `ACME` ಕೊಡುತ್ತದೆ, ಎರಡನ್ನೂ ವರದಿ ಮಾಡಿ. ಮತ್ತೆ, `Prop. Mediated` ಅನ್ನುವ ಸಾಲು ನೋಡಿ ಆಸೆ ಪಡಬೇಡಿ. ಅದು ಪರೋಕ್ಷವನ್ನು ಒಟ್ಟಿನಿಂದ ಭಾಗಿಸಿದ್ದು. ನಿಮ್ಮ ಒಟ್ಟು ಪರಿಣಾಮ ಸೊನ್ನೆಯ ಹತ್ತಿರ ಓಡಾಡುತ್ತಿದೆ, ಸೊನ್ನೆಯ ಹತ್ತಿರದ್ದರಿಂದ ಭಾಗಿಸಿದರೆ ಏನು ಬೇಕಾದರೂ ಬರಬಹುದು. ನಾವು 4 ಸೇರಿಸಿದ ಎಂಟು ಜನರಲ್ಲಿ ಅದು −3 ಭಾಗಿಸು 0. ಆ ಸಾಲನ್ನು ಪ್ರಬಂಧದಲ್ಲಿ ಹಾಕಲೇಬೇಡಿ.

ಗೈಡ್ ಹತ್ತಿರ ಹೋಗುವಾಗ ಒಟ್ಟು, ನೇರ, ಪರೋಕ್ಷ ಮೂರು ಅಂಕಿಗಳನ್ನೂ ಇಂಟರ್ವಲ್ ಸಮೇತ ಒಂದೇ ಟೇಬಲ್‌ನಲ್ಲಿ ಒಯ್ಯಿರಿ, ಕೆಳಗೆ N ಬರೆಯಿರಿ, ಅದರ ಕೆಳಗೆ ಸೊನ್ನೆ ಮಾಡುವ ρ ಬರೆಯಿರಿ. ಪ್ರಬಂಧದಲ್ಲಿ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: "ತರಬೇತಿಯನ್ನು ಯಾದೃಚ್ಛಿಕವಾಗಿ ಹಂಚಲಾಗಿತ್ತು. ಅದರಿಂದ ಆತ್ಮವಿಶ್ವಾಸ ಹೆಚ್ಚಿತು. ಒಟ್ಟು ಪರಿಣಾಮ ಯಾವ ದಿಕ್ಕಿನದು ಅಂತ ಈ ಸ್ಯಾಂಪಲ್‌ನಿಂದ ಖಚಿತವಾಗಿ ಹೇಳಲಾಗದು. ತರಬೇತಿಗೆ ಮುಂಚಿನ ಖಿನ್ನತೆ, ಆತ್ಮವಿಶ್ವಾಸ ಮತ್ತು ಮನೆಯ ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಆತ್ಮವಿಶ್ವಾಸ ಮತ್ತು ಖಿನ್ನತೆ ಎರಡನ್ನೂ ತಟ್ಟುವ ಬೇರೆ ಕಾರಣ ಉಳಿದಿಲ್ಲ ಅಂತ ಭಾವಿಸಿದರೆ, ಪರೋಕ್ಷ ಪರಿಣಾಮ ಇಷ್ಟು. ಉಳಿಕೆಗಳ ನಡುವಿನ ಸಂಬಂಧ ಇಷ್ಟನ್ನು ದಾಟಿದರೆ ಈ ಪರಿಣಾಮ ನಿಲ್ಲುವುದಿಲ್ಲ." "ಇಷ್ಟು" ಅನ್ನುವ ಕಡೆಗಳಲ್ಲಿ ನಿಮ್ಮ ಅಂಕಿ ಹಾಕಿಕೊಳ್ಳಿ. "ಭಾವಿಸಿದರೆ" ಅನ್ನುವ ಪದವನ್ನು ಯಾರೇ ಹೇಳಿದರೂ ತೆಗೆಯಬೇಡಿ.